ಡಿಪಾಸಿಟ್ ಎಂಬ ಎರಡನೇ ಬಾಡಿಗೆ

ಭಾನುವಾರ ಮಧ್ಯಾಹ್ನ ಎರಡೂವರೆ ಗಂಟೆ. ಮದುಮಗಳು ಗಂಡಿನ ಮನೆಯ ಕಾರು ಹತ್ತಿ ಹೋಗಿ ಹತ್ತು ನಿಮಿಷವಾಗಿತ್ತು. ನನ್ನ ತಂಗಿ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಛತ್ರದ ಆಫೀಸಿನೊಳಗೆ ಹೋದಳು. ಮುಂಗಡವಾಗಿ ಕಟ್ಟಿದ್ದ 75,000 ರೂಪಾಯಿ ಡಿಪಾಸಿಟ್ ವಾಪಸು ತೆಗೆದುಕೊಂಡು, ಹೊರಗೆ ಕಾಯುತ್ತಿದ್ದ ಅಡುಗೆಯವರಿಗೆ ಬಾಕಿ 60,000 ಕೊಡಬೇಕಿತ್ತು. ಹದಿನೈದು ನಿಮಿಷದ ನಂತರ ಹೊರಗೆ ಬಂದವಳ ಕೈಯಲ್ಲಿ ಒಂದು ಬಿಳಿ ಚೀಟಿ ಇತ್ತು, ಜೊತೆಗೆ 2,240 ರೂಪಾಯಿ. "ಅಣ್ಣ, ಅಡುಗೆಯವರಿಗೆ ನೀನೇ ಒಂಚೂರು ಹಾಕಿಬಿಡು, ಊರಿಗೆ ಹೋಗಿ ಕಳಿಸ್ತೀನಿ" ಎಂದಳು. ಅವಳು ಶಿವಮೊಗ್ಗದಲ್ಲಿ ಶಾಲೆಯ ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಓದಿಸಿದವಳು. ಇಪ್ಪತ್ತೆರಡು ವರ್ಷದಿಂದ ವೇಲಚೇರಿಯಲ್ಲಿರುವ ನಾನು ಈ ಛತ್ರವನ್ನು ಅವಳಿಗೆ ತೋರಿಸಿದವನು. ಹಾಗಾಗಿ ಈ ಬರಹದಲ್ಲಿ ನನ್ನ ತಪ್ಪೂ ಇದೆ, ಮೊದಲೇ ಹೇಳಿಬಿಡುತ್ತೇನೆ.

ಛತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಆ ಒಂದನ್ನು ಬಿಟ್ಟು ಪಕ್ಕದ ರಸ್ತೆಯ ಇನ್ನೊಂದಕ್ಕೆ ಹೋಗುತ್ತೀರಿ, ಅಲ್ಲಿಯೂ ಇದೇ ಚೀಟಿ ಸಿಗುತ್ತದೆ. ನನ್ನ ಜಗಳ ಚೀಟಿಯ ಜೊತೆಗೆ.

ಆ ಚೀಟಿಯಲ್ಲಿ ಇದ್ದದ್ದು ಇಷ್ಟು. ಕರೆಂಟು, ಚೆನ್ನೈನವರ ಬಾಯಲ್ಲಿ ಈಬಿ ಚಾರ್ಜು, 25,760. ಜನರೇಟರ್ 24,500. ಕ್ಲೀನಿಂಗ್ 8,000. ಎರಡು ಲಾರಿ ನೀರು 5,000. ಪಾರ್ಕಿಂಗ್ ಸೆಕ್ಯುರಿಟಿ 4,000. ಕಸ ಸಾಗಣೆ 3,000. ಗೋಡೆಗೆ ಟೇಪು ಅಂಟಿಸಿದ್ದಕ್ಕೆ 2,500. ಒಟ್ಟು 72,760. ಛತ್ರದ ಬಾಡಿಗೆ ಶನಿವಾರ ಮಧ್ಯಾಹ್ನ ಮೂರರಿಂದ ಭಾನುವಾರ ಮೂರರವರೆಗೆ 1,80,000, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಅಂದರೆ ನಮಗೆ ಹೇಳಿದ ಬಾಡಿಗೆಯ ಮೇಲೆ ಇನ್ನೂ ಶೇಕಡಾ 40ರಷ್ಟು, ಯಾರೂ ಬಾಯಿಬಿಟ್ಟು ಹೇಳದ ಬಾಡಿಗೆ. ನಾವು ಕೈಯಾರೆ ಮುಂಗಡ ಕೊಟ್ಟು ಬಂದ ಬಾಡಿಗೆ.

ಇಂಥ ಛತ್ರಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ನಾಲ್ಕೂವರೆ ನಕ್ಷತ್ರದ ಹೊಗಳಿಕೆ ಓದಿ ಹೋಗುವವರಿಗೆ ಒಂದು ಮಾತು. ಅವನ್ನೆಲ್ಲ ಬರೆಯುವವರು ಅತಿಥಿಗಳು. ಊಟ ಮಾಡಿ, ತಾಂಬೂಲದ ಚೀಲ ಹಿಡಿದು ಹೋದವರು. 'ಎಸಿ ತಣ್ಣಗಿತ್ತು, ವೇದಿಕೆ ದೊಡ್ಡದು, ಪಾಯಸ ಚೆನ್ನಾಗಿತ್ತು.' ದುಡ್ಡು ಕೊಟ್ಟವರು ಬರೆಯುವುದಿಲ್ಲ. ಅವರು ಸುಸ್ತಾಗಿ ಮಲಗಿರುತ್ತಾರೆ, ಇಲ್ಲವೇ ಡಿಪಾಸಿಟ್ಟಿನ ಉಳಿದ ಭಾಗಕ್ಕಾಗಿ ಮ್ಯಾನೇಜರನಿಗೆ ಇನ್ನೂ ಫೋನು ಮಾಡುತ್ತಿರುತ್ತಾರೆ. ಹಾಗಾಗಿ ಅತಿಥಿಗೆ ಕಾಣದ ಕಡೆಯಿಂದ ಈ ಛತ್ರವನ್ನು ನೋಡೋಣ.

ಮೊದಲು ಜನರೇಟರ್. ಬುಕ್ ಮಾಡುವಾಗ ಕೇಳಿದ್ದೆವು, "ಪವರ್ ಬ್ಯಾಕಪ್ ಇದೆಯಾ?" "ಫುಲ್ ಬ್ಯಾಕಪ್ ಸಾರ್" ಎಂದರು. ಮೇ ತಿಂಗಳ ಚೆನ್ನೈ. ಶನಿವಾರ ಸಂಜೆ ರಿಸೆಪ್ಷನ್ನಿನ ನಡುವೆ ಕರೆಂಟು ಹೋಯಿತು. ಅರ್ಧ ನಿಮಿಷದಲ್ಲಿ ದೀಪ ಬಂತು, ಫ್ಯಾನು ತಿರುಗಿತು, ಮೈಕು ಬಂತು. ಎಸಿ ಬರಲಿಲ್ಲ. ಎಸಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಕಟ್ಟಿದ ಹಾಲು ಅದು. ನಾನೂರು ಜನ, ರೇಷ್ಮೆ ಸೀರೆ, ಒಂದು ಗಂಟೆ ಹತ್ತು ನಿಮಿಷ. ವರನ ಅಜ್ಜಿಯನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಪೇಪರಿನಲ್ಲಿ ಗಾಳಿ ಬೀಸಿದೆವು. ಮರುದಿನ ಬೆಳಿಗ್ಗೆ ಧಾರೆ ಮುಗಿಯುತ್ತಿದ್ದಂತೆ ಇನ್ನೊಂದು ಅರ್ಧ ಗಂಟೆ.

'ಫುಲ್' ಎಂಬ ಮಾತಿಗೆ ಈ ಧಂದೆಯಲ್ಲಿ ಯಾವ ಅರ್ಥವೂ ಇಲ್ಲ. ಐನೂರು ಜನರ ಹಾಲಿಗೆ ಸುಮಾರು 40 ಟನ್ ಎಸಿ ಬೇಕು, ಅದೊಂದೇ ಹತ್ತಿರ ಹತ್ತಿರ 50 ಕಿಲೋವ್ಯಾಟ್ ಎಳೆಯುತ್ತದೆ. ದೀಪ, ಫ್ಯಾನು, ಲಿಫ್ಟು, ಪಂಪು ಎಲ್ಲ ಸೇರಿದರೂ ಹದಿನೈದು ಇಪ್ಪತ್ತು ದಾಟುವುದಿಲ್ಲ. ಎರಡನ್ನೂ ಹೊರುವ ಜನರೇಟರಿಗೆ ದುಡ್ಡು ಜಾಸ್ತಿ, ಆದ್ದರಿಂದ ಚಿಕ್ಕದನ್ನು ತಂದಿಟ್ಟು ಎಸಿಯ ಲೈನನ್ನು ಅದಕ್ಕೆ ಕೊಡದೆ ಬಿಟ್ಟಿರುತ್ತಾರೆ. ತಿಳಿಯುವ ದಾರಿ ಒಂದೇ. ಛತ್ರ ನೋಡಲು ಹೋದ ದಿನ ಎಸಿ ಹಾಕಿಸಿ, ಮೇನ್ ಸ್ವಿಚ್ ಐದು ನಿಮಿಷ ಆರಿಸಿ ತೋರಿಸಿ ಎಂದು ಕೇಳಬೇಕು. ನಾನು ಕೇಳಲಿಲ್ಲ. ವೇದಿಕೆಯ ಹಿಂದಿನ ಹೂವಿನ ಅಲಂಕಾರದ ಫೋಟೋ ನೋಡುತ್ತ ಕೂತಿದ್ದೆ.

ಈಗ ಬಿಲ್ಲಿಗೆ ಬನ್ನಿ. 24,500 ಎಂದರೆ ಏಳು ಗಂಟೆಗೆ, ಗಂಟೆಗೆ 3,500ರಂತೆ. ಕರೆಂಟು ಹೋಗಿದ್ದು ಒಂದು ಗಂಟೆ ನಲವತ್ತು ನಿಮಿಷ. ಏಳು ಎಲ್ಲಿಂದ ಬಂತು? ಮ್ಯಾನೇಜರ್ ತಾಳ್ಮೆಯಿಂದಲೇ ವಿವರಿಸಿದರು: ದಿನಕ್ಕೆ ಕನಿಷ್ಠ ಮೂರು ಗಂಟೆ, ಎರಡು ದಿನಕ್ಕೆ ಆರು, ಟೆಸ್ಟಿಂಗಿಗೆ ಒಂದು. ನಾವು ಇದ್ದದ್ದೇ 24 ಗಂಟೆ, ಅದು ಎರಡು ದಿನವಾಯಿತು. ಒಪ್ಪಂದದಲ್ಲಿ ಇರುವುದು 'ವಿದ್ಯುತ್ ಮತ್ತು ಜನರೇಟರ್ ವೆಚ್ಚ ವಾಸ್ತವದಂತೆ ಪ್ರತ್ಯೇಕ' ಎಂದು. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಕನಿಷ್ಠ ದರ ಅನ್ವಯ'. ಕನಿಷ್ಠ ಎಷ್ಟು ಎಂದು ಬರೆದಿಲ್ಲ.

ನಾನು ಕೆಳಗಿಳಿದು ಸೆಲ್ಲಾರಿಗೆ ಹೋದೆ. ಪ್ರತಿ ಜನರೇಟರಿನ ಪ್ಯಾನೆಲ್ ಮೇಲೂ ಒಂದು ಅವರ್ ಮೀಟರ್ ಇರುತ್ತದೆ. ಇಂಜಿನ್ ಓಡಿದಷ್ಟು ಹೊತ್ತು ಮಾತ್ರ ಅದು ಓಡುತ್ತದೆ, ಗಂಟೆಯ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಸರ್ವೀಸಿಂಗ್ ಯಾವಾಗ ಎಂದು ತಿಳಿಯಲು ಇರುವ ಮೀಟರು, ಆದ್ದರಿಂದ ಅದರ ಜೊತೆ ಯಾರೂ ಆಟ ಆಡುವುದಿಲ್ಲ. ಪಕ್ಕದಲ್ಲಿ ನೇತುಹಾಕಿದ ಪುಸ್ತಕದಲ್ಲಿ ಎಲೆಕ್ಟ್ರಿಷಿಯನ್ ಪ್ರಾಮಾಣಿಕವಾಗಿ ಬರೆದಿದ್ದ: ಶನಿವಾರ ಮಧ್ಯಾಹ್ನ 3182.4, ಭಾನುವಾರ ಮಧ್ಯಾಹ್ನ 3184.1. ವ್ಯತ್ಯಾಸ 1.7 ಗಂಟೆ. ಎಸಿ ಇಲ್ಲದ 15 ಕಿಲೋವ್ಯಾಟ್ ಲೋಡಿಗೆ ಅಷ್ಟು ಹೊತ್ತಿನಲ್ಲಿ ಸುಮಾರು 25 ಯೂನಿಟ್. ಒಂದು ಲೀಟರ್ ಡೀಸೆಲ್‌ನಿಂದ ಮೂರು ಮೂರೂವರೆ ಯೂನಿಟ್ ಬರುತ್ತದೆ. ಕಡಿಮೆ ಲೋಡಿನಲ್ಲಿ ಇಂಜಿನ್ ಹೆಚ್ಚು ಕುಡಿಯುತ್ತದೆ ಎಂದು ಧಾರಾಳವಾಗಿ 12 ಲೀಟರ್ ಎಂದುಕೊಳ್ಳಿ, ಲೀಟರಿಗೆ 92ರ ಆಸುಪಾಸಿನಲ್ಲಿ 1,100 ರೂಪಾಯಿ. ಯಂತ್ರದ ಸವಕಳಿ, ಆಯಿಲ್ಲು, ಆಳಿನ ಸಂಬಳ ಎಲ್ಲಕ್ಕೂ ಸೇರಿಸಿ ಮೂರು ಪಟ್ಟು ಮಾಡಿ: 3,300. ಅವರು ತೆಗೆದುಕೊಂಡದ್ದು 24,500.

ಕರೆಂಟಿನ ಲೆಕ್ಕದಲ್ಲಿ ನಾನು ಮೊದಲು ತಪ್ಪು ಕಡೆ ಕೈ ಹಾಕಿದೆ. ಮೀಟರಿನಲ್ಲಿ ಮೊದಲ ರೀಡಿಂಗ್ 4471.6, ಕೊನೆಯದು 4494.6. ಇಪ್ಪತ್ಮೂರು ಯೂನಿಟ್ಟನ್ನು 40ರಿಂದ ಗುಣಿಸಿ 920 ಎಂದು ಬರೆದಿದ್ದರು. ಇದೇ ಮೋಸ ಎಂದು ಏರುದನಿ ಮಾಡಿದೆ. ಅದು ಮೋಸವಾಗಿರಲಿಲ್ಲ. ದೊಡ್ಡ ಲೋಡಿನ ಕಟ್ಟಡದಲ್ಲಿ ಪೂರ್ತಿ ಕರೆಂಟು ಮೀಟರಿನೊಳಗೆ ಹರಿಯುವುದಿಲ್ಲ. ಕೇಬಲ್ಲಿಗೆ ಬಳೆಯಂತೆ ತೊಡಿಸಿದ ಟ್ರಾನ್ಸ್‌ಫಾರ್ಮರ್ ಅದರ ಒಂದು ಅಂಶವನ್ನಷ್ಟೇ ಮೀಟರಿಗೆ ಕಳಿಸುತ್ತದೆ. ಅದರ ಮೇಲೆ 200/5 ಎಂದು ಬರೆದಿದ್ದರೆ ಗುಣಕ 40. ಈಚಿನ ಕೆಲವು ಮೀಟರುಗಳು ಗುಣಿಸಿದ ಅಂಕಿಯನ್ನೇ ತೋರಿಸುತ್ತವೆ, ಅಂಥದನ್ನು ಮತ್ತೆ ಗುಣಿಸಿದರೆ ಮಾತ್ರ ಅದು ಹಗಲು ದರೋಡೆ. ಇಲ್ಲಿ ಗುಣಾಕಾರ ಸರಿಯಿತ್ತು. ಮ್ಯಾನೇಜರ್ ನಕ್ಕು, "ತೆರಿಯಾದಾ ಸಾರ್?" ಎಂದಾಗ ಸುಮ್ಮನಾಗಬೇಕಾಯಿತು.

ಮೋಸ ಇದ್ದದ್ದು ಮೊದಲ ರೀಡಿಂಗಿನಲ್ಲಿ. ರಿಜಿಸ್ಟರಿನ ಹಿಂದಿನ ಸಾಲು ನೋಡಿದರೆ ಗುರುವಾರ ರಾತ್ರಿ ಹೋದ ಪಾರ್ಟಿಯ ಕೊನೆಯ ರೀಡಿಂಗೂ 4471.6. ನಾವು ಕಾಲಿಟ್ಟದ್ದು ಶನಿವಾರ ಮೂರಕ್ಕೆ. ನಡುವಿನ ಶುಕ್ರವಾರ ಛತ್ರ ತೊಳೆದಿದ್ದಾರೆ, ನೀರೇರಿಸಿದ್ದಾರೆ, ಅದೇ ಮೀಟರಿನ ಮಿನಿ ಹಾಲಿನಲ್ಲಿ ಯಾರದೋ ಸೀಮಂತವೂ ಆಗಿದೆ. ಆ ತಾಯಿಗೆ ಒಳ್ಳೆಯದಾಗಲಿ, ಆದರೆ ಅವಳ ಬಳೆ ಶಾಸ್ತ್ರದ ಎಸಿಗೆ ನನ್ನ ತಂಗಿ ದುಡ್ಡು ಕೊಟ್ಟಿದ್ದಾಳೆ. ನಾವು ಹಾಲಿನ ಎಸಿ ಹಾಕಿದ್ದು ಎರಡೂ ದಿನ ಸೇರಿ ಹನ್ನೊಂದು ಗಂಟೆ. ರೂಮುಗಳ ಎಸಿಯನ್ನೂ ಪಂಪನ್ನೂ ಸೇರಿಸಿದರೆ 650 ಯೂನಿಟ್ ದಾಟಬಾರದು. ಯೂನಿಟ್ಟಿಗೆ ಹಾಕಿದ ದರ 28 ರೂಪಾಯಿ. ತಮಿಳುನಾಡಿನಲ್ಲಿ ವಾಣಿಜ್ಯ ಸಂಪರ್ಕಕ್ಕೆ ಯೂನಿಟ್ಟಿನ ದರ ಸುಮಾರು 10. ನಿಗದಿತ ಶುಲ್ಕ ಪ್ರತ್ಯೇಕ ಇದೆ, ಒಪ್ಪೋಣ. ಅದನ್ನು ಸೇರಿಸಿಕೊಂಡು 14 ಹಾಕಲಿ, 15 ಹಾಕಲಿ, ಬುಕ್ ಮಾಡುವಾಗಲೇ ರಸೀದಿಯ ಮೇಲೆ ಬರೆಯಲಿ. ಛತ್ರದ ಕೀಲಿ ತೆಗೆದುಕೊಳ್ಳುವ ಹೊತ್ತಿಗೆ ಮನೆಯ ಒಬ್ಬ ಹುಡುಗ ಮ್ಯಾನೇಜರನನ್ನು ಕರೆದುಕೊಂಡು ಹೋಗಿ ಎರಡೂ ಮೀಟರುಗಳ ಫೋಟೋ ತೆಗೆದುಕೊಂಡಿದ್ದರೆ ಕನಿಷ್ಠ ಶುಕ್ರವಾರದ ಕರೆಂಟು ಉಳಿಯುತ್ತಿತ್ತು. ನಮ್ಮ ಹುಡುಗರು ಆಗ ಡ್ರೋನಿನವನ ಹಿಂದೆ ಓಡುತ್ತಿದ್ದರು.

ಪಾರ್ಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. '60 ಕಾರ್ ಪಾರ್ಕಿಂಗ್' ಎಂದು ಬೋರ್ಡು. ಸೆಲ್ಲಾರು 7,000 ಚದರಡಿ. ಕಾರು ನಿಲ್ಲುವ ಜಾಗ, ತಿರುಗುವ ದಾರಿ, ಇಳಿಜಾರು ಎಲ್ಲ ಸೇರಿ ಒಂದು ಕಾರಿಗೆ 300 ಚದರಡಿ ಬೇಕು. ಭಾಗಿಸಿದರೆ 23. ನಾನು ಎಣಿಸಿದ್ದು 21, ಅದರಲ್ಲಿ ನಾಲ್ಕರಲ್ಲಿ ಅಡುಗೆಯವರ ವ್ಯಾನು ಮತ್ತು ಅಲಂಕಾರದವರ ಟೆಂಪೋ. ಉಳಿದವರೆಲ್ಲ ನೂರಡಿ ರಸ್ತೆಯ ಬದಿಯಲ್ಲಿ, ಸಂಜೆಯ ವೇಲಚೇರಿ ಟ್ರಾಫಿಕ್ಕಿನಲ್ಲಿ, ಪೊಲೀಸರು ಚಕ್ರಕ್ಕೆ ಬೀಗ ಹಾಕುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದು ಊಟ ಮಾಡಿದರು. ಬೆಂಗಳೂರಿನಿಂದ ಬಂದ ನಮ್ಮ ಭಾವನ ಕಾರಿನ ಕೀಲಿಯನ್ನು ಸೆಕ್ಯುರಿಟಿಯವನೇ ಇಸಿದುಕೊಂಡು ಪಕ್ಕದ ಓಣಿಯಲ್ಲಿ ನಿಲ್ಲಿಸಿದ, ಬಂಪರಿಗೆ ಗೀರು ಬಿತ್ತು. ಟೋಕನ್ನಿನ ಹಿಂದೆ 'ಮಾಲೀಕರ ಹೊಣೆ' ಎಂದು ಮುದ್ರಿಸಿದ್ದಾರೆ. ಹಾಗೆ ಮುದ್ರಿಸಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ, ತಾಜ್ ಮಹಲ್ ಹೋಟೆಲಿನಿಂದ ಕಳುವಾದ ಕಾರಿನ ಪ್ರಕರಣದಲ್ಲಿ ಹೇಳಿದೆ. ಕೀಲಿ ತೆಗೆದುಕೊಂಡ ಮೇಲೆ ಕಾರನ್ನು ಜೋಪಾನ ಮಾಡುವುದು ತೆಗೆದುಕೊಂಡವನ ಕೆಲಸ. ಭಾವನಿಗೆ ಅದನ್ನು ಹೇಳಿದೆ. "ಮದುವೆ ಮನೆಯಲ್ಲಿ ಯಾಕೆ ಬಿಡು" ಎಂದರು. ಈ ಮಾತಿಗೆ ಆಮೇಲೆ ಬರುತ್ತೇನೆ.

ಸೆಲ್ಲಾರಿನಲ್ಲಿ ಇನ್ನೊಂದು ಕಂಡೆ. ಜನರೇಟರೂ ಅಲ್ಲೇ, ನೆಲದ ಮೇಲೆ, ಒಂದು ಗೇಣು ಎತ್ತರದ ಕಟ್ಟೆಯಲ್ಲಿ. ಇದು ವೇಲಚೇರಿ. ಪಳ್ಳಿಕರಣೈ ಜೌಗು ನೆಲದ ಅಂಚು. 2015ರ ಡಿಸೆಂಬರಿನಲ್ಲಿ ನಮ್ಮ ಬೀದಿಯಲ್ಲಿ ದೋಣಿ ಓಡಿತು, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಮತ್ತೆ ನೀರು ನುಗ್ಗಿತು. ಕರೆಂಟು ಹೋಗುವುದು ಮಳೆಗೆ, ಮಳೆ ನೀರು ಮೊದಲು ತುಂಬುವುದು ಸೆಲ್ಲಾರಿಗೆ. ಕಾರ್ತಿಕದಲ್ಲಿ ಇಲ್ಲಿ ಮದುವೆ ಇಟ್ಟುಕೊಳ್ಳುವವರು ಜನರೇಟರ್ ಇದೆಯೇ ಎಂದು ಕೇಳಿದರೆ ಸಾಲದು, ಎಲ್ಲಿದೆ ಎಂದು ಇಳಿದು ನೋಡಬೇಕು.

ಸ್ವಚ್ಛತೆಯ ವಿಷಯ ಹೇಳಬೇಕೆಂದರೆ ನೀರಿನ ವಿಷಯ ಹೇಳಬೇಕು. ಶನಿವಾರ ಆರು ಗಂಟೆಗೆ ಶೌಚಾಲಯಗಳು ಮಿರುಗುತ್ತಿದ್ದವು, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎಂಟೂವರೆಗೆ, ಎರಡನೇ ಪಂಕ್ತಿ ಏಳುವಾಗ, ನಲ್ಲಿಯಲ್ಲಿ ನೀರಿಲ್ಲ. ಕೈತೊಳೆಯುವ ಜಾಗದಲ್ಲೂ ಇಲ್ಲ. ಸಂಪು ಬರಿದಾಗಿತ್ತು. ಲಾರಿ ಬಂದದ್ದು ಹತ್ತಕ್ಕೆ, ಅದಕ್ಕೂ ನಮಗೇ ಬಿಲ್ಲು. ನಾನೂರು ಜನ ಬರುತ್ತಾರೆ ಎಂದು ಅವರಿಗೆ ಮೂರು ತಿಂಗಳಿಂದ ಗೊತ್ತು. ತುಂಬಿದ ಸಂಪಿನೊಂದಿಗೆ ಛತ್ರ ಒಪ್ಪಿಸುವುದು ಬಾಡಿಗೆಯೊಳಗಿನ ಮಾತಲ್ಲವೇ? ಕುರ್ಚಿಗೆ ಪ್ರತ್ಯೇಕ ದುಡ್ಡು ಕೇಳಿದರೆ ನಗುತ್ತೇವೆ, ನೀರಿಗೆ ಕೇಳಿದರೆ ಕೊಡುತ್ತೇವೆ.

ಅಲ್ಲಿ ಬಕೆಟ್ಟು ಹಿಡಿದು ಓಡಾಡುತ್ತಿದ್ದ ಹೆಂಗಸನ್ನು ಕೇಳಿದೆ, ಇವತ್ತಿನ ಕೂಲಿ ಎಷ್ಟಮ್ಮಾ ಎಂದು. ನಾನೂರು ಎಂದಳು. ಅವಳಂಥವರು ನಾಲ್ವರು. ಕ್ಲೀನಿಂಗ್ ಚಾರ್ಜು 8,000. ಎರಡು ದಿನದ ಕೂಲಿ ಹಿಡಿದರೂ 3,200. ಉಳಿದದ್ದಕ್ಕೆ ಎಷ್ಟು ಫಿನಾಯಿಲ್ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಸಿಬ್ಬಂದಿ ಒರಟು, ಬಕ್ಷೀಸಿಗೆ ಕೈ ಚಾಚುತ್ತಾರೆ ಎಂದು ಎಲ್ಲರೂ ದೂರುತ್ತಾರೆ. ನಿಜ, ಆರು ಗಂಟೆಯ ರಿಸೆಪ್ಷನ್ನಿಗೆ ಆರೂ ನಲವತ್ತರವರೆಗೆ ಎಸಿ ಹಾಕಲಿಲ್ಲ, ಎಲೆಕ್ಟ್ರಿಷಿಯನ್ ಕೈಗೆ 500 ಇಟ್ಟ ಮೇಲೆ ಹಾಕಿದ. ನನಗೆ ಸಿಟ್ಟು ಬಂದಿತ್ತು. ಆದರೆ ಭಾನುವಾರ ಅವರ್ ಮೀಟರಿನ ಪುಸ್ತಕ ತೆರೆದು ತೋರಿಸಿದವನೂ ಅವನೇ. ಮಾಲೀಕ ನಮ್ಮಿಂದ ತೆಗೆದುಕೊಂಡು ಅವನಿಗೆ ಕೊಡದ್ದನ್ನು ಅವನು ಮತ್ತೊಮ್ಮೆ ನಮ್ಮಿಂದಲೇ ವಸೂಲಿ ಮಾಡುತ್ತಾನೆ. ಸಿಬ್ಬಂದಿಯ ನಡತೆಗೆ ನಕ್ಷತ್ರ ಕಡಿಮೆ ಕೊಡುವವರು ಆ ನಕ್ಷತ್ರವನ್ನು ಸರಿಯಾದ ಲೆಕ್ಕಕ್ಕೆ ಬರೆಯಲಿ.

ಮಾಲೀಕರ ಪರವಾಗಿಯೂ ಒಂದು ಮಾತಿದೆ, ಅದು ಸುಳ್ಳಲ್ಲ. ಆಡಿ ತಿಂಗಳು, ಮಾರ್ಗಳಿ ತಿಂಗಳು ಛತ್ರ ಖಾಲಿ. ಮುಹೂರ್ತದ ದಿನಗಳು ಕೈಬೆರಳಲ್ಲಿ ಎಣಿಸುವಷ್ಟು. ತೆರಿಗೆ, ಸಾಲದ ಕಂತು ವರ್ಷವಿಡೀ. ಸರಿ, ಹಾಗಿದ್ದರೆ ಬಾಡಿಗೆ 2,50,000 ಎಂದು ಹೇಳಲಿ. ಹೇಳುವುದಿಲ್ಲ, ಯಾಕೆಂದರೆ ಪಕ್ಕದ ಛತ್ರ 1,80,000 ಎನ್ನುತ್ತದೆ. ಹೋಲಿಕೆ ಆಗುವ ಜಾಗದಲ್ಲಿ ಕಡಿಮೆ ಹೇಳಿ, ಹೋಲಿಕೆ ಆಗದ ಜಾಗದಲ್ಲಿ ಕಿತ್ತುಕೊಳ್ಳುವ ವ್ಯವಸ್ಥೆ ಇದು. ಆ ಜಾಗವೇ ಭಾನುವಾರ ಮಧ್ಯಾಹ್ನ ಎರಡೂವರೆ. ಮೂರಕ್ಕೆ ಛತ್ರ ಖಾಲಿ ಮಾಡಬೇಕು, ಮಗಳು ಹೋಗಿದ್ದಾಳೆ, ಬೀಗರು ಬಾಗಿಲಲ್ಲಿ ನಿಂತಿದ್ದಾರೆ, ದುಡ್ಡು ಅವರ ಮೇಜಿನ ಡ್ರಾಯರಿನಲ್ಲಿದೆ. ಆ ಹೊತ್ತಿನಲ್ಲಿ ಯಾರು ಯೂನಿಟ್ ಲೆಕ್ಕ ಕೇಳುತ್ತಾರೆ?

ನಾವು ಕೇಳುವುದಿಲ್ಲ. 'ಶುಭಕಾರ್ಯದಲ್ಲಿ ಜಗಳ ಯಾಕೆ' ಎನ್ನುತ್ತೇವೆ. ಭಾವ ಅಂದದ್ದು, ತಂಗಿ ಅಂದದ್ದು, ಆಫೀಸಿಗೆ ಹೋಗಲು ಹೊರಟ ನನ್ನ ಶರ್ಟು ಹಿಡಿದು ಅತ್ತೆ ಅಂದದ್ದು ಇದೇ ಮಾತು. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ನಾವು ಎಪ್ಪತ್ತು ಸಾವಿರ ಬಿಡುತ್ತೇವೆ, ಬೀಗರು ಏನಂದುಕೊಳ್ಳುತ್ತಾರೋ ಎಂದು. ಛತ್ರದವರು ಕರೆಂಟನ್ನು ಮಾರುತ್ತಿಲ್ಲ, ನಮ್ಮ ಈ ಸಂಕೋಚವನ್ನು ನಮಗೇ ಮಾರುತ್ತಿದ್ದಾರೆ. ಮಡಿ, ಮೈಲಿಗೆ, ಮುಹೂರ್ತ ಎಲ್ಲಕ್ಕೂ ಒಬ್ಬ ಹಿರಿಯರನ್ನು ನೇಮಿಸುವ ಮನೆಗಳು ಮೀಟರಿಗೆ ಯಾರನ್ನೂ ನೇಮಿಸುವುದಿಲ್ಲ.

ಆ ಚೀಟಿಯಲ್ಲಿ ಇನ್ನೊಂದು ಕಣ್ಣಿಗೆ ಬೀಳಲು ನನಗೆ ಮೂರು ದಿನ ಬೇಕಾಯಿತು: ಅದರ ಮೇಲೆ ಜಿಎಸ್‌ಟಿ ನಂಬರೇ ಇಲ್ಲ. ಬಾಡಿಗೆಗೆ ಚೊಕ್ಕ ಬಿಲ್ಲು, ಕಡಿತಕ್ಕೆ ಬಿಳಿ ಕಾಗದ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಡಿಪಾಸಿಟ್ಟು ಡಿಪಾಸಿಟ್ಟಾಗಿ ಇರುವವರೆಗೆ ಸೇವೆಯ ಬೆಲೆಯಲ್ಲ. ಅದನ್ನು ಬೆಲೆಗೆ ವಜಾ ಮಾಡಿಕೊಂಡ ಕ್ಷಣದಿಂದ ಅದೂ ಬೆಲೆಯೇ. ಸೇವೆಯ ಜೊತೆ ವಸೂಲಿ ಮಾಡುವ ಇತರ ಖರ್ಚುಗಳೂ ಆ ಬೆಲೆಯೊಳಗೇ ಸೇರುತ್ತವೆ. ಹಾಗೆ ನೋಡಿದರೆ 72,760ಕ್ಕೂ ತೆರಿಗೆ ಬಿಲ್ಲು ಕೊಡಬೇಕು. ಕೊಟ್ಟರೆ ತೆರಿಗೆ ಕಟ್ಟಬೇಕು, ಲೆಕ್ಕ ತೋರಿಸಬೇಕು. ಛತ್ರದವರು ಹೆದರುವುದು ಬೈಗುಳಕ್ಕಲ್ಲ, ಬಿಲ್ಲು ಕೇಳುವವರಿಗೆ.

ಒಂದು ಪುಟದ ಪತ್ರ ಬರೆದೆ. ಬೈಗುಳ ಇಲ್ಲ. ಅವರ್ ಮೀಟರಿನ ಎರಡು ಅಂಕಿ, ರಿಜಿಸ್ಟರಿನ ಎರಡು ಸಾಲು, ಕಡಿತದ ಪೂರ್ತಿ ಮೊತ್ತಕ್ಕೆ ತೆರಿಗೆ ಬಿಲ್ಲು ಕೊಡಿ ಎಂಬ ಕೋರಿಕೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಒಂಬತ್ತನೇ ದಿನ ಮ್ಯಾನೇಜರ್ ಫೋನು ಮಾಡಿ, ಜನರೇಟರಿನಲ್ಲಿ 'ಕ್ಲರಿಕಲ್ ಮಿಸ್ಟೇಕ್' ಆಗಿದೆ ಎಂದು 17,500 ವಾಪಸು ಹಾಕಿದರು. ಅಂದರೆ ಏಳು ಗಂಟೆ ಎರಡು ಗಂಟೆಯಾಯಿತು, ಗಂಟೆಯ ದರ ಹಾಗೇ ಉಳಿಯಿತು. ಕರೆಂಟಿನ ಮಾತೆತ್ತಿದಾಗ, "ನೀವು ಇಂಟರ್ನೆಟ್ಟಿನಲ್ಲಿ ಒಂದು ಒಳ್ಳೆಯ ಮಾತು ಬರೆಯಿರಿ ಸಾರ್, ಅದನ್ನೂ ನೋಡೋಣ" ಎಂದರು. ಆ ನಾಲ್ಕೂವರೆ ನಕ್ಷತ್ರದಲ್ಲಿ ಕೆಲವು ಹೀಗೂ ಹುಟ್ಟಿರಬಹುದು.

ಒಳ್ಳೆಯ ಮಾತು ಬರೆಯಲಿಲ್ಲ. ತಂಗಿಗೆ ಹೇಳಿದೆ: 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಚೆನ್ನೈಗೆ ಬರಬೇಕಿಲ್ಲ, ನೀನು ವಾಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಎರಡು ವರ್ಷದ ಗಡುವಿದೆ. ಮೊದಲು 1915ಕ್ಕೆ ಫೋನು ಮಾಡಿ ನೋಡು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳಿಯಂದಿರ ಮನೆಯವರಿಗೆ ತಿಳಿದರೆ?" ಎಂದಳು. ಮಾರನೇ ದಿನ ಫೋನು ಬಂತು, ಅಳಿಯನದೇ. "ಮಾವ, ಆ ಮೀಟರಿನ ಫೋಟೋ ಇದ್ದರೆ ಕಳಿಸಿ. ಎಸಿ ಇಲ್ಲದೆ ನನ್ನ ಅಜ್ಜಿ ಮೆಟ್ಟಿಲ ಮೇಲೆ ಕೂತದ್ದು ವೀಡಿಯೋದಲ್ಲಿ ಇದೆ, ಟೈಮು ಸಮೇತ."